ಪೆನ್‌ಡ್ರೈವಿಗೆ ಕುಂಕುಮ, ಲೆಕ್ಕಕ್ಕೆ ನಾಮ

ದೀಪಾವಳಿ ಅಮಾವಾಸ್ಯೆಯ ಸಂಜೆ ಗದಗ-ಬೆಟಗೇರಿಯ ಯಾವುದಾದರೂ ಅಂಗಡಿಗೆ ಹೋಗಿ ನೋಡಿ. ಲಕ್ಷ್ಮಿಯ ಮುಂದೆ ಮೊದಲು ಕಿರ್ದಿ ಪುಸ್ತಕ ಇರುತ್ತಿತ್ತು. ಈಗ ಅಲ್ಲಿ ಕೀಬೋರ್ಡ್, ಅದರ ಮೇಲೊಂದು ಪೆನ್‌ಡ್ರೈವ್. ಎರಡಕ್ಕೂ ಅರಿಷಿಣ-ಕುಂಕುಮ ಏರಿಸಿ, ಊದಿನಕಡ್ಡಿ ಬೆಳಗಿ, ಮುತ್ತೈದೆಯರು ಆರತಿ ಮಾಡುತ್ತಾರೆ. ಪೂಜೆ ಮುಗಿದ ಮೇಲೆ ಸಾಹುಕಾರರು ಆ ಪೆನ್‌ಡ್ರೈವನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕುತ್ತಾರೆ. ಅದರಲ್ಲಿರುವ ಬ್ಯಾಕಪ್ಪು ತೆರೆಯುತ್ತದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದಲ್ಲ!

ಈ ಭಕ್ತಿಗೆ ಪರೀಕ್ಷೆ ಬರುವುದು ಸಾಮಾನ್ಯವಾಗಿ ತಿಂಗಳ ಹತ್ತನೇ ತಾರೀಖಿಗೆ. ಹನ್ನೊಂದಕ್ಕೆ ಜಿಎಸ್‌ಟಿಆರ್-1 ಹಾಕುವ ಕೊನೆಯ ದಿನ. ಲಕ್ಷ್ಮೇಶ್ವರದ ಒಂದು ದಲಾಲಿ ಅಂಗಡಿ ಎಂದುಕೊಳ್ಳಿ. ಅಲ್ಲಿನ ಕಂಪ್ಯೂಟರಿನಲ್ಲಿ ಟ್ಯಾಲಿ ಪ್ರೈಮ್ ಇದೆ, ಆದರೆ 3.0ಕ್ಕಿಂತ ಹಿಂದಿನ ರಿಲೀಸು. ಲೈಸೆನ್ಸು ಕಾಯಂ; ವರ್ಷವರ್ಷ ಕಟ್ಟಬೇಕಾದ ಟಿಎಸ್‌ಎಸ್ ಮಾತ್ರ ಎಂದೋ ಮುಗಿದಿದೆ. ಅದನ್ನು ಕಟ್ಟದಿದ್ದರೆ ಇದ್ದ ಟ್ಯಾಲಿ ನಿಲ್ಲುವುದಿಲ್ಲ, ಹೊಸ ರಿಲೀಸು ಸಿಗುವುದಿಲ್ಲ, ಅಷ್ಟೇ. “ನಡದೈತಲ್ರೀ, ಯಾಕ ರೊಕ್ಕಾ ಹಾಕೂದು?” ಎನ್ನುವುದು ಸಾಹುಕಾರರ ಅರ್ಥಶಾಸ್ತ್ರ. ಮಗಳ ಮದುವೆಯ ಪೆಂಡಾಲಿಗೆ ಈ ಶಾಸ್ತ್ರ ಅನ್ವಯಿಸುವುದಿಲ್ಲ.

ಇವರ ತೆರಿಗೆ ನೋಡಿಕೊಳ್ಳುವವರು ಬೆಟಗೇರಿಯಲ್ಲಿ. ಅವರ ಹತ್ತಿರ ಎಲ್ಲವೂ ಹೊಸದು. ರಿಲೀಸು ಬಂದ ದಿನವೇ ಹಾಕಿಸಿಕೊಳ್ಳುತ್ತಾರೆ. ಗುಮಾಸ್ತ Alt+Y ಒತ್ತಿ, ಬ್ಯಾಕಪ್ ತೆಗೆದು, ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ ಹತ್ತುತ್ತಾನೆ. ಬೆಟಗೇರಿಯಲ್ಲಿ ಅದು ಸಲೀಸಾಗಿ ತೆರೆದುಕೊಳ್ಳುತ್ತದೆ, ಏಕೆಂದರೆ ಹಳೆಯದನ್ನು ಓದುವುದು ಹೊಸದಕ್ಕೆ ಗೊತ್ತು. ತೆರೆಯುವಾಗ ಅದು ಒಂದು ಮಾತು ಕೇಳುತ್ತದೆ: ಈ ಡೇಟಾವನ್ನು ಹೊಸ ರಿಲೀಸಿಗೆ ಮೈಗ್ರೇಟ್ ಮಾಡಬೇಕು, ಮೊದಲು ಬ್ಯಾಕಪ್ ತೆಗೆದಿಡಿ. ಹನ್ನೊಂದನೇ ತಾರೀಖಿನ ಹಿಂದಿನ ರಾತ್ರಿ ಇಂಥದ್ದನ್ನೆಲ್ಲ ಓದುವವರು ಯಾರು? ಎಂಟರ್, ಎಂಟರ್, ಎಂಟರ್. ಏಳೆಂಟು ವೋಚರ್ ತಿದ್ದಿ, ರಿಟರ್ನ್ ಹಾಕಿ, ಹೊಸದಾಗಿ ಬ್ಯಾಕಪ್ ತೆಗೆದು ಅದೇ ಪೆನ್‌ಡ್ರೈವಿಗೆ, ಹಳೆಯ ಬ್ಯಾಕಪ್ಪಿನ ಮೇಲೆಯೇ ತುಂಬಿ ಕಳಿಸುತ್ತಾರೆ.

ಮರುದಿನ ಲಕ್ಷ್ಮೇಶ್ವರದಿಂದ ಫೋನು ಬರುತ್ತದೆ.

“ಸರ, ರಿಸ್ಟೋರ್ ಆಗವಲ್ದರೀ. ನಮ್ಮ ಕಂಪನಿನ ಕಾಣವಲ್ದು.”

“ಪೆನ್‌ಡ್ರೈವ್ ತಗದು ಮತ್ತ ಹಾಕ್ರಿ.”

“ಹಾಕೀನ್ರಿ. ಊದಿನೂ ನೋಡೀನ್ರಿ.”

ಈಗ ಊರ ತಜ್ಞರ ಪ್ರವೇಶ. ಶಿರಹಟ್ಟಿಯಿಂದ ಬಂದ ಅಳಿಯ ಫೋಲ್ಡರ್ ತೆರೆದು ನೋಡುತ್ತಾನೆ. ಹಳೆಯ ಡೇಟಾ ಫೈಲುಗಳ ಬಾಲದಲ್ಲಿ `.900` ಇದೆ, ಬೆಟಗೇರಿಯ ಡೇಟಾದಲ್ಲಿ `.1800` ಇದೆ. “ಇಷ್ಟ ಐತಿ ಮಾಮಾರ, ಹೆಸರ ಬದ್ಲಿ ಮಾಡಿದ್ರ ಆತು” ಎಂದು 1800 ಅಳಿಸಿ 900 ಬರೆಯುತ್ತಾನೆ. ಹೆಸರು ಬದಲಾಗುತ್ತದೆ, ಒಳಗಿನದು ಬದಲಾಗುವುದಿಲ್ಲ. ನಮ್ಮಲ್ಲಿ ಪಕ್ಷಾಂತರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಡರಗಿಯ ಕಂಪ್ಯೂಟರ್ ರಿಪೇರಿಯವರು ಇನ್ನೂ ಧೈರ್ಯವಂತರು. ಅವರ ಕೈಯಲ್ಲಿ ಎಲ್ಲ ರೋಗಕ್ಕೂ ಒಂದೇ ಔಷಧ: ವಿಂಡೋಸ್ ಹೊಡೆದು ಹೊಸದಾಗಿ ಹಾಕುವುದು. ಹಾಗೆ ಹೊಡೆದಾಗ ಡಿಸ್ಕಿನಲ್ಲಿ ಉಳಿದಿದ್ದ ಒಂದೇ ಒಂದು ಹಳೆಯ ಡೇಟಾ ಕೂಡ ಹೋಗುತ್ತದೆ. ರೋಗಿ ಇಲ್ಲವಾದ ಮೇಲೆ ರೋಗದ ಮಾತೆಲ್ಲಿ!

ಇಷ್ಟಾದರೂ ಪೆನ್‌ಡ್ರೈವ್ ಕೆಟ್ಟಿಲ್ಲ, ಬ್ಯಾಕಪ್ ಹಾಳಾಗಿಲ್ಲ. ಅದು ಹೊಸ ರಿಲೀಸಿನ ಡೇಟಾ, ಓದುವವನು ಹಳೆಯವನು. ಟ್ಯಾಲಿ ಬ್ಯಾಕಪ್ ಎಂದರೆ ಲೆಕ್ಕದ ಸಾರಾಂಶವಲ್ಲ, ಡೇಟಾ ಫೈಲುಗಳ ಇದ್ದ ಹಾಗಿನ ನಕಲು. 2023ರಲ್ಲಿ ಬಂದ 3.0 ರಿಲೀಸು ಆ ಫೈಲುಗಳ ರಚನೆಯನ್ನೇ ಬದಲಿಸಿತು. ಒಂದೇ ಕಂಪನಿಯಲ್ಲಿ ಹಲವು ಜಿಎಸ್‌ಟಿ ನೋಂದಣಿ ಇಟ್ಟುಕೊಳ್ಳಲು ಅವಕಾಶ ಬಂತು, ತೆರಿಗೆಯ ವಿವರ ಬರೆದಿಡುವ ಜಾಗಗಳು ಬೇರೆಯಾದವು. ಹಳೆಯ ರಿಲೀಸು ಬರೆದ ಕಾಲಕ್ಕೆ ಆ ಜಾಗಗಳು ಹುಟ್ಟಿಯೇ ಇರಲಿಲ್ಲ. ಗೊತ್ತಿಲ್ಲದ ಖಾನೆಗಳನ್ನು ಅಂದಾಜಿನ ಮೇಲೆ ಓದಿ ಅರ್ಧಮರ್ಧ ಲೆಕ್ಕ ತೋರಿಸುವುದಕ್ಕಿಂತ, ಓದುವುದಿಲ್ಲ ಎನ್ನುವುದು ಮರ್ಯಾದೆಯ ಕೆಲಸ. ಸಾಫ್ಟ್‌ವೇರಿಗೆ ಇರುವ ಈ ಸಂಕೋಚ ಮನುಷ್ಯರಿಗೂ ಇದ್ದಿದ್ದರೆ ಎಷ್ಟೋ ಭಾಷಣಗಳು ತಪ್ಪುತ್ತಿದ್ದವು.

ಇದು ಟ್ಯಾಲಿಯೊಂದರ ಜಾತಿಗುಣವಲ್ಲ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿನಲ್ಲಿ ಹೊಸ ಆವೃತ್ತಿಯ ಬ್ಯಾಕಪ್ಪನ್ನು ಹಳೆಯದರಲ್ಲಿ ಎಳೆಯಲು ಹೋದರೆ 3169ನೇ ನಂಬರಿನ ದೋಷ ಮುಖಕ್ಕೆ ಬರುತ್ತದೆ. ಆಂಡ್ರಾಯ್ಡ್ ಫೋನಿನ ಆ್ಯಪುಗಳ ಡೇಟಾಬೇಸೂ, ತಯಾರಿಸಿದವರು ಬೇರೆ ದಾರಿ ಬರೆದಿಡದಿದ್ದರೆ, ಹಿಂದಕ್ಕೆ ಇಳಿಯುವುದಿಲ್ಲ ಎಂದು ಹಟ ಹಿಡಿದು ನಿಲ್ಲುತ್ತದೆ. ಏರುವ ಮೆಟ್ಟಿಲನ್ನು ಎಲ್ಲರೂ ಕಟ್ಟುತ್ತಾರೆ. ಇಳಿಯುವ ಮೆಟ್ಟಿಲು ಕಟ್ಟಿದರೆ ಹೊಸ ಮಾಲು ಮಾರುವುದು ಹೇಗೆ?

ಹಾಗಾದರೆ ಲಕ್ಷ್ಮೇಶ್ವರದವರ ಗತಿ? ಬಯ್ದಾಡಿ ಮುಗಿದ ಮೇಲೆ ಮಾಡಬೇಕಾದದ್ದು ಇಷ್ಟು. ಮೊದಲು, ಯಾರೂ ಏನನ್ನೂ ಅಳಿಸಬಾರದು. ಎರಡೂ ಕಡೆ F1 ಒತ್ತಿ About ನೋಡಿ, ರಿಲೀಸಿನ ನಂಬರು ಚೀಟಿಯಲ್ಲಿ ಬರೆದುಕೊಳ್ಳಬೇಕು. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಮುಂದೆ ಏನೇ ರಿಸ್ಟೋರ್ ಮಾಡಿದರೂ ಖಾಲಿ ಇರುವ ಹೊಸ ಫೋಲ್ಡರಿಗೇ ಮಾಡಬೇಕು. ನಡೆಯುತ್ತಿರುವ ಕಂಪನಿಯ ಮೇಲೆ ಅಲ್ಲ.

ಮುಂಡರಗಿಯವರ ಔಷಧ ಇನ್ನೂ ಬಿದ್ದಿಲ್ಲವೆಂದರೆ, ಎಲ್ಲಕ್ಕಿಂತ ಸುಲಭದ ದಾರಿ ಅಂಗಡಿಯ ಕಂಪ್ಯೂಟರಿನಲ್ಲೇ ಇದೆ. ಅಲ್ಲಿನ ಹಳೆಯ ಡೇಟಾವನ್ನು ಬೆಟಗೇರಿಯಲ್ಲಿ ಯಾರೂ ಮುಟ್ಟಿಲ್ಲ. ಅಲ್ಲಿ ಮೈಗ್ರೇಟ್ ಆದದ್ದು ನಕಲು. ಬೆಟಗೇರಿಯವರು ತಿದ್ದಿದ್ದು ಏಳೆಂಟು ವೋಚರ್. ಅವುಗಳ ತಾರೀಖು, ನಂಬರು, ತಿದ್ದಿದ ಮೊತ್ತ ಒಂದು ಹಾಳೆಯಲ್ಲಿ ತರಿಸಿಕೊಂಡು ಗುಮಾಸ್ತ ತನ್ನಲ್ಲೂ ತಿದ್ದಿದರೆ ಅರ್ಧ ಗಂಟೆಯ ಕೆಲಸ. ಆದರೆ ಇದು ತೀರ ಸರಳವಾಗಿರುವುದರಿಂದ ಯಾರಿಗೂ ನಂಬಿಕೆ ಬರುವುದಿಲ್ಲ.

ಎರಡನೆಯದು, ಅಂಗಡಿಯನ್ನೇ ಮೇಲಕ್ಕೆ ಏರಿಸುವುದು: ಟಿಎಸ್‌ಎಸ್ ಕಟ್ಟಿ, ಬೆಟಗೇರಿಯಷ್ಟೇ ಅಥವಾ ಅದಕ್ಕಿಂತ ಹೊಸ ರಿಲೀಸು ಹಾಕಿ ರಿಸ್ಟೋರ್ ಮಾಡುವುದು. ದುಡ್ಡು ಹೋಗುತ್ತದೆ, ಲೆಕ್ಕ ಪೂರ್ತಿ ಬರುತ್ತದೆ. ಹೊಸದನ್ನು ಬೇರೆ ಫೋಲ್ಡರಿನಲ್ಲಿ ಹಾಕಿಕೊಂಡರೆ ಹಳೆಯದೂ ಇರುತ್ತದೆ. ಟಿಎಸ್‌ಎಸ್ ಕಟ್ಟದೆ ಹೊಸದನ್ನು ಎಜುಕೇಷನಲ್ ಮೋಡಿನಲ್ಲಿ ನಡೆಸುತ್ತೇನೆ ಎನ್ನುವವರು ನೆನಪಿಡಿ: ಅಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಹಾಕಬಹುದು. ತಿಂಗಳಿಗೆ ಮೂರೇ ದಿನ ವ್ಯಾಪಾರ ಮಾಡುವ ಅಂಗಡಿಗೆ ಅಡ್ಡಿಯಿಲ್ಲ.

ಮೂರನೆಯದು, ಹೊಸದರಿಂದ ಹಳೆಯದಕ್ಕೆ ಇಳಿಸಲೇಬೇಕು ಎನ್ನುವ ಹಟವಾದಿಗಳಿಗೆ. ಬ್ಯಾಕಪ್ ಬಿಟ್ಟು, ಹೊಸ ರಿಲೀಸಿನಿಂದ ಮಾಸ್ಟರ್ಸ್ ಮತ್ತು ಡೇ ಬುಕ್ಕನ್ನು ಎಕ್ಸ್‌ಎಂಎಲ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಬೇಕು. ಹಳೆಯ ರಿಲೀಸಿನಲ್ಲಿ ಹೊಸದೊಂದು ಖಾಲಿ ಕಂಪನಿ ತೆರೆದು ಮೊದಲು ಮಾಸ್ಟರ್ಸ್, ಆಮೇಲೆ ವೋಚರ್ ಇಂಪೋರ್ಟ್ ಮಾಡಬೇಕು. ಖಾತೆಯೇ ಇಲ್ಲದೆ ವೋಚರ್ ಬಂದರೆ ಕೂರುವುದೆಲ್ಲಿ? ಬರದೆ ಉಳಿದವುಗಳ ಪಟ್ಟಿಯನ್ನು ಹಳೆಯ ಟ್ಯಾಲಿ ತನ್ನ ಫೋಲ್ಡರಿನಲ್ಲಿ `tally.imp` ಎಂಬ ಫೈಲಿಗೆ ಬರೆದಿಡುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಓದುವವರು ಕಡಿಮೆ.

ಈ ದಾರಿಯಲ್ಲಿ ಒಂದು ಗುಂಡಿ ಇದೆ. ಮಾಸ್ಟರ್ಸ್ ಕಳಿಸುವಾಗ, ಮುಗಿದ ದಿನದ ಬಾಕಿಯನ್ನೇ ಆರಂಭದ ಬಾಕಿಯಾಗಿ ಕಳಿಸಲೇ ಎಂದು ಟ್ಯಾಲಿ ಕೇಳುತ್ತದೆ. ಅದು ವರ್ಷ ಬದಲಿಸುವವರಿಗಾಗಿ ಇಟ್ಟ ಸವಲತ್ತು. ಅಂಗಡಿಯ ನಗದು ಏಪ್ರಿಲ್ 1ಕ್ಕೆ 40,000 ಇತ್ತು, ವರ್ಷದಲ್ಲಿ ನಿವ್ವಳ 1,10,000 ಕೂಡಿ ಈಗ 1,50,000 ಆಗಿದೆ ಎನ್ನಿ. ಅಲ್ಲಿ Yes ಎಂದರೆ 1,50,000 ಆರಂಭದ ಬಾಕಿಯಾಗಿ ಬಂದು ಕೂರುತ್ತದೆ. ಅದರ ಮೇಲೆ ಡೇ ಬುಕ್ಕಿನ 1,10,000 ಮತ್ತೆ ಸೇರಿ 2,60,000 ಆಗುತ್ತದೆ. ಸಾಹುಕಾರರು ಕಾಯಿ ಒಡೆಸಿಯಾರು, ತೆರಿಗೆಯವರು ತಲೆ ಒಡೆದಾರು. ಒಮ್ಮೆ ಇಂಪೋರ್ಟ್ ಆದ ಮಾಸ್ಟರ್ಸನ್ನೇ ಮತ್ತೊಮ್ಮೆ ಎಳೆದು Combine Opening Balances ಎಂಬುದನ್ನು ಆರಿಸಿದರೂ ಇದೇ ಪವಾಡ. ಆದ್ದರಿಂದ ಇಂಪೋರ್ಟ್ ಮುಗಿದ ಕೂಡಲೇ ಎರಡೂ ರಿಲೀಸಿನ ಟ್ರಯಲ್ ಬ್ಯಾಲೆನ್ಸ್ ಒಂದೇ ತಾರೀಖಿಗೆ ಮುದ್ರಿಸಿ, ಪಕ್ಕಪಕ್ಕ ಇಟ್ಟು, ಸಾಲುಸಾಲಾಗಿ ಬೆರಳಿಡಿ. ವೋಚರುಗಳ ಒಟ್ಟು ಸಂಖ್ಯೆಯನ್ನೂ ತಾಳೆ ನೋಡಿ. ಇಷ್ಟೆಲ್ಲ ತಾಳೆಯಾದರೂ ಹೊಸ ರಿಲೀಸಿನ ಜಿಎಸ್‌ಟಿ ವಿವರಗಳಲ್ಲಿ ಹಳೆಯದಕ್ಕೆ ಅರ್ಥವಾಗದವು ಬಿಟ್ಟುಹೋಗಬಹುದು. ಅವನ್ನು ಕೈಯಿಂದ ಹಾಕಬೇಕು. ಹೀಗೆ ಇಳಿಸಿದ ಕಂಪನಿಯಿಂದ ರಿಟರ್ನ್ ಹಾಕುವ ಧೈರ್ಯ ಯಾರೂ ಮಾಡಬಾರದು.

“ಎಲ್ಲಾ ಬಿಡ್ರಿ, ಹೋದ ವರ್ಷದ್ದು ಯಾರ ಕೇಳ್ತಾರ?” ಎನ್ನುವ ತತ್ವಜ್ಞಾನಿಗಳೂ ಎಪಿಎಂಸಿಯಲ್ಲಿ ಸಿಗುತ್ತಾರೆ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಕೇಳುತ್ತದೆ. ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ಆರು ವರ್ಷದಲ್ಲಿ ಟ್ಯಾಲಿಯ ಎಷ್ಟು ರಿಲೀಸು ಬಂದು ಹೋಗುತ್ತವೆ, ಕಂಪ್ಯೂಟರ್ ಎಷ್ಟು ಸಲ ಬದಲಾಗುತ್ತದೆ! ತಿಜೋರಿಯಲ್ಲಿರುವ ಪೆನ್‌ಡ್ರೈವಿನ ಬೆನ್ನಿಗೆ “ಬ್ಯಾಕಪ್” ಎಂದಷ್ಟೇ ಬರೆದಿದ್ದರೆ, ಅದು ಯಾವ ರಿಲೀಸಿನದು ಎಂದು ಕಂಡುಹಿಡಿಯಲು ಅಂಜನ ಹಾಕುವವರನ್ನೇ ಕರೆಸಬೇಕಾದೀತು.

ಬೆಟಗೇರಿಯವರಿಗೂ ಒಂದು ಮಾತು. ಗಿರಾಕಿಯ ಬ್ಯಾಕಪ್ ಬಂದರೆ ಅದೇ ಪೆನ್‌ಡ್ರೈವಿಗೆ ತಿರುಗಿ ಬರೆಯಬೇಡಿ, ಬಂದದ್ದು ಬಂದ ಹಾಗೆಯೇ ಒಂದು ಕಡೆ ಇರಲಿ. ಗಿರಾಕಿಯ ರಿಲೀಸನ್ನೂ ನಿಮ್ಮ ಕಂಪ್ಯೂಟರಿನಲ್ಲಿ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ, ತಿದ್ದುವುದನ್ನು ಅದರಲ್ಲೇ ತಿದ್ದಿ. ಮೈಗ್ರೇಟ್ ಮಾಡಲೇಬೇಕಾದರೆ ಅಂಗಡಿಗೆ ಒಂದು ಫೋನು ಮಾಡಿ, “ನಿಮ್ಮದು ಎಷ್ಟನೇ ರಿಲೀಸ್‌ರೀ?” ಎಂದು ಕೇಳಿ. ಆ ಕಡೆಯಿಂದ “ಡಿಲಕ್ಸ್ ಐತ್ರಿ” ಎಂಬ ಉತ್ತರ ಬರಬಹುದು. ಬೇಸರ ಮಾಡಿಕೊಳ್ಳದೆ F1 ಒತ್ತಿಸಿ.

ಸಾಹುಕಾರರಿಗೆ ಒಂದೇ ಕೆಲಸ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿಸಿ, ಟ್ರಯಲ್ ಬ್ಯಾಲೆನ್ಸ್ ತೆಗೆಸಿ, ನಡೆಯುತ್ತಿರುವ ಕಂಪನಿಯದ್ದರ ಜೊತೆ ತಾಳೆ ನೋಡಿ ಗುಮಾಸ್ತನಿಂದ ಸಹಿ ಹಾಕಿಸಿಕೊಳ್ಳುವುದು. ಪೆನ್‌ಡ್ರೈವಿನ ಮೇಲೆ ತಾರೀಖಿನ ಜೊತೆ ರಿಲೀಸಿನ ನಂಬರನ್ನೂ ಬರೆಸುವುದು. ಇದಕ್ಕೆ ಟಿಎಸ್‌ಎಸ್ ಬೇಡ, ಹತ್ತು ರೂಪಾಯಿಯ ಮಾರ್ಕರ್ ಸಾಕು. ಅಷ್ಟೂ ಖರ್ಚು ಬೇಡವೆನ್ನುವವರಿಗೆ ಹಳೆಯ ಕಿರ್ದಿ ಪುಸ್ತಕ ಈಗಲೂ ಸಿಗುತ್ತದೆ; ಗದಗಿನಲ್ಲಿ ಮುದ್ರಣಾಲಯಗಳಿಗೇನು ಬರವೇ? ಆ ಪುಸ್ತಕದಲ್ಲಿ ಅಜ್ಜ ಬರೆದದ್ದನ್ನು ಮೊಮ್ಮಗ ಓದುತ್ತಾನೆ, ಮೊಮ್ಮಗ ಬರೆದದ್ದನ್ನು ಅಜ್ಜನೂ ಓದುತ್ತಾನೆ. ಜಿಎಸ್‌ಟಿ ಪೋರ್ಟಲ್ಲೊಂದೇ ಓದುವುದಿಲ್ಲ.