ಅನ್ಯಥಾ ಭಾವಿಸಬಾರದಾಗಿ ವಿನಂತಿ

ವರನ ತಾಯಿ ಬರೆದ ಮೊದಲ ಕರಡಿನಲ್ಲಿ ‘ದಯವಿಟ್ಟು’ ನಾಲ್ಕು ಸಲ ಇತ್ತು, ‘ಅನ್ಯಥಾ ಭಾವಿಸಬಾರದು’ ಎರಡು ಸಲ ಇತ್ತು. ಹುಡುಗಿ ಹೇಗಿರಬೇಕು ಎಂಬುದು ಮಾತ್ರ ಒಂದು ಸಲವೂ ಇರಲಿಲ್ಲ.

ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ವಧೂವರರ ಜಾಲತಾಣದಲ್ಲಿ ಅವನ ಎತ್ತರ, ಓದು, ಸಂಬಳ, ಗೋತ್ರ ಎಲ್ಲವನ್ನೂ ತಂಗಿಯೇ ತುಂಬಿಸಿದ್ದಳು. ‘ನಿರೀಕ್ಷೆಗಳು’ ಎಂಬ ಚೌಕವನ್ನು ಮಾತ್ರ ಮೈಸೂರಿನ ತಾಯಿಗೆ ಬಿಟ್ಟುಕೊಡಲಾಗಿತ್ತು. ಅವರು ಹಳೆಯ ಡೈರಿಯ ಹಾಳೆಯ ಮೇಲೆ ಬರೆದು, ಹೊಡೆದುಹಾಕಿ, ಮತ್ತೆ ಬರೆದು ಒಂದು ಹದಕ್ಕೆ ತಂದದ್ದು ಹೀಗಿತ್ತು:

“ನಮಸ್ಕಾರ. ನಮ್ಮ ಚಿರಂಜೀವಿಯದು ಅನೂರಾಧಾ ನಕ್ಷತ್ರ 4ನೇ ಪಾದ, ವೃಶ್ಚಿಕ ರಾಶಿ, ಮಧ್ಯ ನಾಡಿ. ನಾವು ಜಾತಕವನ್ನು ಅತಿಯಾಗಿ ನಂಬುವವರಲ್ಲ. ಆದರೂ ಹಿರಿಯರ ಸಮಾಧಾನಕ್ಕಾಗಿ ಮಧ್ಯ ನಾಡಿಯವರು ಹಾಗೂ ಮೂಲಾ, ಆಶ್ಲೇಷಾ, ಜ್ಯೇಷ್ಠಾ, ವಿಶಾಖಾ ನಕ್ಷತ್ರದವರು ದಯವಿಟ್ಟು ಅನ್ಯಥಾ ಭಾವಿಸಬಾರದಾಗಿ ವಿನಂತಿ. ಕುಜದೋಷ ಇಲ್ಲದಿದ್ದರೆ ಸಂತೋಷ.”

ಆ ಮನೆಯಲ್ಲಿ ಇರುವ ಹಿರಿಯರು ಇಬ್ಬರೇ. ಒಬ್ಬರು ಈ ಒಕ್ಕಣೆ ಬರೆದವರು. ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದ ಅವರ ಯಜಮಾನರು. ಅವರು ಸಮಾಧಾನ ಬೇಕೆಂದು ಯಾರನ್ನೂ ಕೇಳಿರಲಿಲ್ಲ. ಕರಡನ್ನು ಓದಿ, ಅಭ್ಯಾಸಬಲದಿಂದ ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದರು.

ನಕ್ಷತ್ರಗಳು 27. ನಾಡಿಗಳು ಮೂರು: ಆದಿ, ಮಧ್ಯ, ಅಂತ್ಯ. ಒಂದೊಂದಕ್ಕೆ ಒಂಬತ್ತು ನಕ್ಷತ್ರ. ಕೂಟ ನೋಡುವಾಗ ಒಟ್ಟು 36 ಗುಣಗಳಲ್ಲಿ ನಾಡಿಗೇ ಎಂಟು, ಎಲ್ಲಕ್ಕಿಂತ ಹೆಚ್ಚು. ಇಬ್ಬರದೂ ಒಂದೇ ನಾಡಿಯಾದರೆ ಆ ಎಂಟಕ್ಕೆ ಸೊನ್ನೆ. ಹಾಗಾಗಿ ಮಧ್ಯ ನಾಡಿಯ ಒಂಬತ್ತು ಹೋದವು. ಹೆಸರು ಹಿಡಿದು ಬೇಡವೆಂದ ನಾಲ್ಕೂ ಮಧ್ಯ ನಾಡಿಯವಲ್ಲ, ಆದ್ದರಿಂದ ಅವೂ ಪ್ರತ್ಯೇಕವಾಗಿ ಹೋದವು. ಉಳಿದದ್ದು 14. ಇನ್ನು ಕುಜ. ಲಗ್ನದಿಂದ 2, 4, 7, 8, 12ನೇ ಮನೆಯಲ್ಲಿದ್ದರೆ ದೋಷ ಎಂಬುದು ನಮ್ಮ ಕಡೆಯ ವಾಡಿಕೆ. ಹನ್ನೆರಡು ಮನೆಗಳಲ್ಲಿ ಐದು ಮನೆ ಅವನದೇ ಆಯಿತು. ಅದನ್ನೂ ಕಳೆದರೆ 27ರಲ್ಲಿ ಉಳಿಯುವುದು ಸುಮಾರು ಎಂಟು ನಕ್ಷತ್ರದಷ್ಟು ಹುಡುಗಿಯರು.

“ಇಷ್ಟು ವಿನಯವಾಗಿ ಇಷ್ಟು ಜನರನ್ನು ಬೇಡ ಅಂದವರನ್ನ ನಾನು ನೋಡಿಲ್ಲ ಕಣೆ,” ಎಂದರು ಯಜಮಾನರು.

ಹೆಸರು ಹಿಡಿದ ನಾಲ್ಕರ ಕಥೆ ಬೇರೆಯೇ. ಮೂಲಾ ಮಾವನಿಗೆ ಆಗದು, ಆಶ್ಲೇಷಾ ಅತ್ತೆಗೆ ಆಗದು, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ. ಗಮನಿಸಬೇಕಾದ ಸಂಗತಿಯೆಂದರೆ, ತಾಳಿ ಕಟ್ಟುವವನಿಗೆ ಈ ನಾಲ್ಕರಿಂದಲೂ ಯಾವ ತೊಂದರೆಯೂ ಇಲ್ಲ. ತೊಂದರೆಯೆಲ್ಲ ಮಂಟಪದ ಸುತ್ತ ನಿಂತವರಿಗೆ. ಆದ್ದರಿಂದಲೇ ತಂದೆಯಿಲ್ಲದ ವರನ ಮನೆಯವರು ‘ಮೂಲಾ ಆದರೂ ಅಡ್ಡಿಯಿಲ್ಲ’ ಎಂದು ಧಾರಾಳವಾಗಿ ಬರೆಯುತ್ತಾರೆ.

ಮಗಳು ಪಟ್ಟಿಯ ಮೇಲೆ ಬೆರಳಿಟ್ಟಳು. “ಅಮ್ಮ, ಅಣ್ಣನಿಗೆ ಅಣ್ಣನೇ ಇಲ್ಲವಲ್ಲ. ಜ್ಯೇಷ್ಠಾ ಯಾಕೆ?” ಜ್ಯೇಷ್ಠಾ ಹೊಡೆದುಹೋಯಿತು. ವಿಶಾಖೆಯ ಬಗ್ಗೆ ಹೈದರಾಬಾದಿನಲ್ಲಿರುವ ಕಿರಿಯ ಮಗನಿಗೆ ಫೋನ್ ಮಾಡಿದರೆ, ಅವನು ಮೀಟಿಂಗಿನಲ್ಲಿದ್ದೇನೆ, ನನ್ನ ಕಡೆಯಿಂದ ಯಾವ ನಕ್ಷತ್ರಕ್ಕೂ ತಕರಾರಿಲ್ಲ ಎಂದ. ಯಜಮಾನರೂ ಪತ್ರಿಕೆ ಮಡಿಸಿ, “ಮೂಲಾನೂ ಇರಲಿ ಬಿಡು, ನನಗೆ ಬಿಪಿ ಮಾತ್ರೆ ಇದೆ,” ಎಂದರು.

ಉಳಿದದ್ದು ಆಶ್ಲೇಷಾ ಒಂದೇ. ಅಪ್ಪ, ಮಗಳು ಇಬ್ಬರೂ ತಾಯಿಯ ಮುಖ ನೋಡಿದರು. ಅದನ್ನು ತೆಗೆಯಿರಿ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಇರಲಿ ಎಂದು ಹೇಳಲು ಅವರಿಗೇ ಸಂಕೋಚ. ಕೊನೆಗೆ ಅವರು ಜೋಯಿಸರಿಗೆ ಫೋನ್ ಮಾಡಿದರು.

ಜೋಯಿಸರು ರಾಮ ದೈವಜ್ಞನ ‘ಮುಹೂರ್ತ ಚಿಂತಾಮಣಿ’ಯನ್ನೇ ತೆಗೆದರು. ಕಾಶಿಯಲ್ಲಿ 1600ರ ಸುಮಾರಿಗೆ ಬರೆದ ಗ್ರಂಥ. ಅದರ ಪ್ರಕಾರ ಆಶ್ಲೇಷೆಯ ಮೊದಲ ಪಾದಕ್ಕೆ ದೋಷವಿಲ್ಲ, ಮೂಲೆಯ ಕೊನೆಯ ಪಾದಕ್ಕೂ ಇಲ್ಲ, ವಿಶಾಖೆಯ ಮೊದಲ ಮೂರು ಪಾದಗಳಿಗೂ ಇಲ್ಲ. “ಇನ್ನೊಂದು ವಿಷಯ ತಾಯಿ,” ಎಂದರು ಜೋಯಿಸರು, “ಮೂಲಾ, ಆಶ್ಲೇಷಾ ವಿಚಾರದಲ್ಲಿ ಗ್ರಂಥ ಹೇಳೋದು ಹುಡುಗಿಗೆ ಮಾತ್ರ ಅಲ್ಲ, ಹುಡುಗನಿಗೂ ಸೇರಿಸಿಯೇ. ಅರ್ಧ ಶ್ಲೋಕವನ್ನ ಜನ ಮರೆತಿದ್ದಾರೆ.” ತಮ್ಮ ಮಗ ಅನೂರಾಧಾ ಎಂಬ ಸಮಾಧಾನದಲ್ಲಿ ತಾಯಿ ಆ ಅರ್ಧ ಶ್ಲೋಕವನ್ನು ತಕ್ಷಣ ಒಪ್ಪಿಕೊಂಡರು.

ತಿದ್ದಿದ ಒಕ್ಕಣೆ ಪ್ರೊಫೈಲಿಗೆ ಏರಿತು: “ಆಶ್ಲೇಷಾ 1ನೇ ಪಾದ ಆಗಬಹುದು. ಉಳಿದ ಪಾದದವರು ದಯವಿಟ್ಟು ಮನ್ನಿಸಬೇಕು.”

ಅದಕ್ಕೆ ಶಿವಮೊಗ್ಗದಿಂದ ಒಂದು ಉತ್ತರ ಬಂತು. ಹುಡುಗಿಯ ತಂದೆ ವಿನಯದಲ್ಲಿ ಇವರಿಗಿಂತ ಒಂದು ಕೈ ಮೇಲೆ. “ಪೂಜ್ಯರೇ, ಜಾಲತಾಣದ ಲೆಕ್ಕದಲ್ಲಿ ನಮ್ಮ ಮಗಳದು ಆಶ್ಲೇಷಾ 4ನೇ ಪಾದ ಎಂದು ಬರುತ್ತದೆ. ಆದರೆ ನಮ್ಮಲ್ಲಿ ಬರೆಸಿರುವ ಜಾತಕ ರಾಮನ್ ಅಯನಾಂಶದ್ದು. ಅದರ ಪ್ರಕಾರ ಮಘಾ 1ನೇ ಪಾದ. ತಮ್ಮ ಗಮನಕ್ಕಾಗಿ.”

ಅಯನಾಂಶ ಎಂದರೆ ರಾಶಿಚಕ್ರವನ್ನು ಎಲ್ಲಿಂದ ಎಣಿಸಲು ಶುರುಮಾಡಬೇಕು ಎಂಬುದರ ಲೆಕ್ಕ. 1952ರಲ್ಲಿ ನೇಮಕವಾದ ಮೇಘನಾದ ಸಹಾ ಸಮಿತಿ ರಾಷ್ಟ್ರೀಯ ಪಂಚಾಂಗಕ್ಕೆ ಒಪ್ಪಿದ್ದು ಚಿತ್ರಾಪಕ್ಷವನ್ನು. ಜನ ಅದನ್ನು ಲಾಹಿರಿ ಎನ್ನುತ್ತಾರೆ, ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ ಇರುವುದೂ ಅದೇ. ಬೆಂಗಳೂರಿನ ಬಿ.ವಿ. ರಾಮನ್ ಅವರ ಲೆಕ್ಕ ಬೇರೆ. ಎರಡರ ನಡುವೆ ಸುಮಾರು ಒಂದೂವರೆ ಡಿಗ್ರಿ ಅಂತರ. ಚಂದ್ರ ಅಷ್ಟು ದೂರವನ್ನು ಮೂರು ಗಂಟೆಯೊಳಗೆ ನಡೆದುಬಿಡುತ್ತಾನೆ. ನಕ್ಷತ್ರದ ನಡುಮಧ್ಯದಲ್ಲಿ ಹುಟ್ಟಿದವರಿಗೆ ಇದರಿಂದ ನಕ್ಷತ್ರವೇನೂ ಬದಲಾಗುವುದಿಲ್ಲ. ಅಂಚಿನಲ್ಲಿ ಹುಟ್ಟಿದವರಿಗೆ ನಕ್ಷತ್ರ ಮಾತ್ರವಲ್ಲ, ಕೆಲವೊಮ್ಮೆ ರಾಶಿಯೂ ಬದಲಾಗುತ್ತದೆ. ಈ ಹುಡುಗಿ ಕರ್ಕಾಟಕದಿಂದ ಸಿಂಹಕ್ಕೆ ಬಂದಿದ್ದಳು.

“ಹಾಗಾದರೆ ನಮ್ಮ ಹುಡುಗನಿಗೂ ಅದೇ ಲೆಕ್ಕ ಹಾಕಬೇಕಲ್ಲ. ಒಬ್ಬರಿಗೆ ಒಂದು ತಕ್ಕಡಿ, ಇನ್ನೊಬ್ಬರಿಗೆ ಇನ್ನೊಂದು ಆಗೋಲ್ಲ,” ಎಂದರು ಜೋಯಿಸರು. ಹಾಕಿದರು. ಅನೂರಾಧೆಯ 4ನೇ ಪಾದದ ಕೊನೆಯಲ್ಲಿದ್ದ ವರ ಗಡಿ ದಾಟಿ ಜ್ಯೇಷ್ಠಾ 1ನೇ ಪಾದಕ್ಕೆ ಬಂದು ಕೂತ. ಮಧ್ಯ ನಾಡಿ ಹೋಗಿ ಆದಿ ನಾಡಿಯಾಯಿತು. ಅಂದರೆ ಇಷ್ಟು ದಿನ ಕೈಮುಗಿದು ಬೇಡವೆಂದಿದ್ದ ಮಧ್ಯ ನಾಡಿಯ ಒಂಬತ್ತು ನಕ್ಷತ್ರಗಳವರನ್ನು ನಾಡಿಯ ಕಾರಣಕ್ಕೆ ದೂರ ಇಡಬೇಕಾಗಿಯೇ ಇರಲಿಲ್ಲ.

ಶಿವಮೊಗ್ಗದ ಹುಡುಗಿಯ ಮಟ್ಟಿಗೆ ಗುಣಗಳೂ ತಿರುಗಿಬಿದ್ದವು. ಹಳೆಯ ಲೆಕ್ಕದಲ್ಲಿ ಅವನು ದೇವಗಣ, ಅವಳು ರಾಕ್ಷಸಗಣ. ಆರಕ್ಕೆ ಬಹುತೇಕ ಸೊನ್ನೆ. ಹೊಸ ಲೆಕ್ಕದಲ್ಲಿ ಇಬ್ಬರೂ ರಾಕ್ಷಸಗಣ, ಆರಕ್ಕೆ ಆರು. ಕರ್ಕಾಟಕ ವೃಶ್ಚಿಕಗಳ ನಡುವೆ ನವಪಂಚಮ ಇದ್ದುದರಿಂದ ರಾಶಿಕೂಟದ ಏಳೂ ಹೋಗಿತ್ತು. ಸಿಂಹ ವೃಶ್ಚಿಕಗಳಿಗೆ ಏಳಕ್ಕೆ ಏಳು. ಮಗ ರಾಕ್ಷಸಗಣ ಎಂದು ಕೇಳಿ ತಾಯಿಯ ಮುಖ ಇಷ್ಟೇ ಇಷ್ಟು ಬಾಡಿತಾದರೂ, ಸೊಸೆಯೂ ಅದೇ ಗಣ ಎಂದಾಗ ಸರಿಹೋಯಿತು. ಆಶ್ಲೇಷೆಯ ಹೆಸರೂ ಆಶ್ಲೇಷೆಯ ಭಯವೂ ಒಟ್ಟಿಗೇ ಮನೆಯಿಂದ ಹೊರಟವು.

ಒಕ್ಕಣೆಗೆ ಹೊಸ ಸಾಲು ಸೇರಿತು: “ರಾಮನ್ ಅಯನಾಂಶದ ಜಾತಕ ಇದ್ದಲ್ಲಿ ಉತ್ತಮ. ಇಲ್ಲದಿದ್ದವರು ದಯವಿಟ್ಟು ಹಾಕಿಸಿ ನೋಡಬೇಕಾಗಿ ವಿನಂತಿ.” ‘ನಿರೀಕ್ಷೆಗಳು’ ಚೌಕ ಅಷ್ಟರಲ್ಲಿ ತುಂಬಿಹೋಗಿತ್ತು. ಮಗಳು ಅದನ್ನು ‘ಹವ್ಯಾಸಗಳು’ ಎಂಬಲ್ಲಿ ಹಾಕಿದಳು.

ಶನಿವಾರ ರಾತ್ರಿ ಮಗನಿಗೆ ಫೋನ್ ಹೋಯಿತು. ತಾಯಿಯ ದನಿಯಲ್ಲಿ ಸಂಭ್ರಮ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಸ್ವಲ್ಪ ನಾಚಿಕೊಂಡು ಕೇಳಿದ:

“ಹುಡುಗಿ ಹೇಗಿದ್ದಾಳಮ್ಮ?”

“ಹೇಳಿದೆನಲ್ಲೋ,” ಎಂದರು ತಾಯಿ, “ಮಘಾ, ಒಂದನೇ ಪಾದ.”