ಮಾರಿಯೋ ಹಾರಿದ, ಆದರೆ ತಡವಾಗಿ

ಅಟ್ಟದಿಂದ ಇಳಿದ ನಿಂಟೆಂಡೊ ಎನ್‌ಇಎಸ್ ಹೊಸ ಟಿವಿಯೆದುರು ಕೂತಾಗ ಹಳ್ಳಿಯ ಅಜ್ಜ ಮಾಲ್‌ಗೆ ಬಂದಂತೆ. ಅಗ್ಗದ ಎವಿ-ಎಚ್‌ಡಿಎಂಐ ಡಬ್ಬಿ ಸಿಕ್ಕಿಸಿದರೆ ಚಿತ್ರವೇನೋ ಬರುತ್ತದೆ. ಗುಂಡಿ ಒತ್ತಿದರೆ ಮಾತ್ರ ಮಾರಿಯೋ ಯೋಚಿಸಿ ಹಾರುತ್ತಾನೆ, ಅಷ್ಟರಲ್ಲಿ ಹೊಂಡಕ್ಕೆ ಬಿದ್ದಿರುತ್ತಾನೆ.

ತಪ್ಪು ಅವನದಲ್ಲ.

ಎನ್‌ಇಎಸ್ ಸೆಕೆಂಡಿಗೆ ಸುಮಾರು 60 ಬಾರಿ 240 ಗೆರೆಗಳ ಪೂರ್ತಿ ಚಿತ್ರ ಕಳಿಸುತ್ತದೆ. ಅಂಥ ಡಬ್ಬಿ ಹಲವು ಬಾರಿ ಅದನ್ನು 480 ಗೆರೆಗಳ ಅರ್ಧ ಚಿತ್ರವೆಂದು ಭ್ರಮಿಸಿ, ಉಳಿದರ್ಧಕ್ಕೆ ಕಾದು ಹೊಲಿಯುತ್ತದೆ. ಒಂದು ಫ್ರೇಮ್ ಕಾದರೂ 16 ಮಿಲಿಸೆಕೆಂಡ್ ಹೋಯಿತು. ಮೇಲೆ ಟಿವಿಯ ಸ್ವಂತ ಅಲಂಕಾರ ಬೇರೆ.

ಪತ್ತೆಗೆ ಸುಲಭ ಉಪಾಯ: ದೊಡ್ಡ ಮಾರಿಯೋನನ್ನು ಬೇಕೆಂದೇ ಶತ್ರುವಿಗೆ ಡಿಕ್ಕಿ ಹೊಡೆಸುವುದು. ಆಗ ಅವನು ಒಂದು ಫ್ರೇಮ್ ಬಿಟ್ಟು ಒಂದರಲ್ಲಿ ಮಿನುಗಬೇಕು. ಬಾಚಣಿಗೆಯಂತೆ ಸೀಳಿಕೊಂಡರೆ ಅಥವಾ ಪೂರ್ತಿ ಮಾಯವಾದರೆ ಡಬ್ಬಿಯೇ ಕಳ್ಳ.

ರೆಟ್ರೋಟಿಂಕ್ 2ಎಕ್ಸ್‌ನಂಥ ಸ್ಕೇಲರ್ ಫ್ರೇಮ್ ಕೂಡಿಡದೆ, ಬಂದ ಗೆರೆಯನ್ನು ಆಗಿಂದಾಗಲೇ ಎರಡು ಮಾಡಿ ದಾಟಿಸುತ್ತದೆ, ವಿಳಂಬ ಲೆಕ್ಕಕ್ಕಿಲ್ಲ. ಆದರೂ ಹಳದಿ ಕಂಪೋಸಿಟ್ ತಂತಿಯ ಬಣ್ಣದ ಕಲಸುಮೇಲೋಗರವನ್ನು ಅದು ಪೂರ್ತಿ ತೊಳೆಯಲಾರದು.

ಕೊನೆಗೆ ಟಿವಿಯನ್ನು ಗೇಮ್ ಮೋಡ್‌ಗೆ, ಅಗಲವನ್ನು 4:3ಕ್ಕೆ ತಿರುಗಿಸಬೇಕು. ಇಲ್ಲದಿದ್ದರೆ ಮೊದಲೇ ಡೊಳ್ಳುಹೊಟ್ಟೆಯ ಮಾರಿಯೋ ಮದುವೆಯೂಟ ಮುಗಿಸಿದವನಂತೆ ಕಾಣುತ್ತಾನೆ.