ಫೀಲಿಂಗ್ ಲೋನ್ಲಿ, ಅಡಿಕೆಗೆ ಕೊಳೆ

ಅಕ್ಕನ ಮಗಳು ಪುಟ್ಟಿ ಮೊನ್ನೆ ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಎದ್ದು ಕೂತು, "ಚಿಕ್ಕಮ್ಮಾ, ನನ್ನ ಮಾನ ಹೋಯ್ತು" ಅಂದಳು. ಆಗಿದ್ದಿಷ್ಟು: ಆಫೀಸಿನ ಯಾವನೋ ಪುಣ್ಯಾತ್ಮ ಅವಳ ಫೇಸ್‌ಬುಕ್ ಕೆದಕುತ್ತಾ ಹೋಗಿ, 2012ರ ಪೋಸ್ಟೊಂದಕ್ಕೆ ಲೈಕ್ ಒತ್ತಿದ್ದ. ಎಂಟನೇ ಕ್ಲಾಸಿನ ಪುಟ್ಟಿ ಅಲ್ಲಿ ಗರ್ಜಿಸಿದ್ದಳು: "ನನ್ನನ್ನು ಅನ್‌ಫ್ರೆಂಡ್ ಮಾಡಿದ್ದು ಯಾರು ಅಂತ ನನಗೆ ಗೊತ್ತು!!!" ಪಕ್ಕದಲ್ಲಿ ನವಿಲುಗರಿಯ ಚಿತ್ರ ಬೇರೆ.

ಶುರುವಾಯಿತು ಗುಡಿಸುವಿಕೆ. Activity log ಅನ್ನುವ ಕಡೆ ಹೋದರೆ ವರ್ಷವಾರು ಪೋಸ್ಟುಗಳೆಲ್ಲ ಸಾಲಾಗಿ ಸಿಗುತ್ತವೆ, ಒಂದೊಂದಕ್ಕೆ ಗುರುತು ಹಾಕಿ ಗುಡ್ಡೆಗಟ್ಟಲೆ ಕಸಕ್ಕೆ ತಳ್ಳಬಹುದು. 2012, 2013 ಚಿಟಿಕೆ ಹೊಡೆಯುವಷ್ಟರಲ್ಲಿ ಖಾಲಿ. ಗೆಳತಿಯರು ಟ್ಯಾಗ್ ಮಾಡಿದ ಫೋಟೋಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅವು ಅವರವರ ಆಸ್ತಿ. ತನ್ನ ಹೆಸರು ಕಿತ್ತುಕೊಳ್ಳಬಹುದೇ ಹೊರತು, ಆ ಎರಡು ಜಡೆ, ಪೌಡರ್ ಮುಖ ಅಲ್ಲೇ ಇರುತ್ತವೆ.

2014ಕ್ಕೆ ಬಂದು ಒಂದು ಪೋಸ್ಟು ತೆರೆದಾಗ ಬೆರಳು ನಿಂತಿತು. "ಅಜ್ಜ!" ಅಂದಳು.

ಪಟ್ಟಿಯಲ್ಲಿ ಕಾಣುವುದು ನಾವು ಬರೆದದ್ದು ಮಾತ್ರ. ಕೆಳಗೆ ಯಾರು ಏನು ಅಂದಿದ್ದರು ಅನ್ನುವುದು ಪೋಸ್ಟು ತೆರೆದರೇ ಗೊತ್ತಾಗುವುದು. ಪೋಸ್ಟು ಹೋದರೆ ಅದರ ಜೊತೆ ಆ ಮಾತುಗಳೂ ಹೋದವು. "ಫೀಲಿಂಗ್ ಲೋನ್ಲಿ" ಎಂದು ಇವಳು ಹಾಸ್ಟೆಲಿನಿಂದ ಮೂರು ಅಳುಮುಖ ಹಾಕಿದ್ದಳಲ್ಲ, ಅದರ ಕೆಳಗೆ ನಮ್ಮ ಅಪ್ಪಯ್ಯ ಕಾಗದವನ್ನೇ ಬರೆದಿದ್ದರು:

"ಚಿ. ಪುಟ್ಟಿಗೆ ಆಶೀರ್ವಾದಗಳು. ಇಲ್ಲಿ ಎಲ್ಲ ಕ್ಷೇಮ. ಮಳೆ ಬಿಟ್ಟಿಲ್ಲ, ಅಡಿಕೆಗೆ ಕೊಳೆ ಶುರುವಾಗಿದೆ. ಎರಡನೇ ಸಲ ಔಷಧಿ ಹೊಡೆಸಲು ಕೊನೆಗೌಡ ಸಿಗಲಿಲ್ಲ. ಸಾಂಬಾರು ಸಪ್ಪೆ ಇದ್ದರೂ ಊಟ ಬಿಡಬೇಡ. ಇಂತು ನಿನ್ನ ಅಜ್ಜ."

ಅದಕ್ಕೆ ಇವಳ ಉತ್ತರ: "ಅಜ್ಜಾ, ಇಲ್ಲೆಲ್ಲ ಬರೀಬೇಡಿ ಪ್ಲೀಸ್." ಅವರು ಅದಕ್ಕೂ ಲೈಕ್ ಒತ್ತಿದ್ದರು.

ಅಪ್ಪಯ್ಯ ಹೋಗಿ ಐದು ವರ್ಷವಾಯಿತು. ಆಗಲೇ ಕಸಕ್ಕೆ ಹೋದದ್ದರಲ್ಲಿ ಇನ್ನೆಷ್ಟು ಕಾಗದಗಳಿದ್ದವೋ! ಸದ್ಯ, ಆ ಬುಟ್ಟಿ ಮೂವತ್ತು ದಿನ ಕಾಯುತ್ತದೆ. ಪುಟ್ಟಿ ಬುಟ್ಟಿ ಮಗುಚಿ ಒಂದೊಂದನ್ನೇ ತೆರೆದು ನೋಡಿದಳು. ಗುಡಿಸಲು ಹಿಡಿದದ್ದು ಇಪ್ಪತ್ತು ನಿಮಿಷ, ಹೆಕ್ಕಲು ಎರಡೂವರೆ ಗಂಟೆ. ಉಳಿದದ್ದು ಏಳು. ಏಳರಲ್ಲೂ ಇವಳು ಬರೆದದ್ದು ಓದುವ ಹಾಗಿಲ್ಲ. ಕೆಳಗೆ ಮಳೆ, ಗೊಬ್ಬರ, ಕರು ಹಾಕಿದ ದನ. ಮಿಕ್ಕವರಿಗೆ ಕಾಣದಂತೆ Only me ಮಾಡಿಟ್ಟಳು.

"ನನ್ನದು ಯಾವುದೂ ಇಟ್ಟಿಲ್ಲವೇನೇ?" ಎಂದು ಕೇಳಿದೆ.

"ಚಿಕ್ಕಮ್ಮಾ, ನೀನು ಹನ್ನೊಂದು ವರ್ಷ ಬರೆದದ್ದು ಒಂದೇ. 'ನೈಸ್ ಪಿಕ್ ಡಿಯರ್'."

ಇನ್ನೂ ಇಪ್ಪತ್ತೊಂಬತ್ತು ದಿನವಿದೆ. ನಾಳೆ ನೀರುದೋಸೆ ಮಾಡಿ ಅರ್ಜಿ ಹಾಕಬೇಕು.